ಕುಡಿಕೆಯೊಳಗೆ ಕರೆಂಟು

ಗೌರಿ ಹಬ್ಬಕ್ಕೆ ಪಾಂಡವಪುರಕ್ಕೆ ಹೋದಾಗ ಚಿಕ್ಕಪ್ಪ ಮೊಬೈಲ್ ಮುಂದೆ ಹಿಡಿದ್ರು. ‘ನೋಡ್ಲಾ ಮಗ, ಎರಡು ಸಾವಿರ ವರ್ಷದ ಹಿಂದೇನೇ ಬಾಗ್ದಾದಲ್ಲಿ ಬ್ಯಾಟ್ರಿ ಇತ್ತಂತೆ! ನೀವೇನ್ ಹೊಸದಾಗಿ ಕಡಿದಿರೋದು?’

ಫೋಟೋ ನನಗೆ ಗೊತ್ತಿದ್ದದ್ದೇ. 1936ರಲ್ಲಿ ಬಾಗ್ದಾದ್ ಬಳಿ ಸಿಕ್ಕಿದ ಗೇಣುದ್ದವೂ ಇಲ್ಲದ ಮಣ್ಣಿನ ಕುಡಿಕೆ. ಒಳಗೆ ತಾಮ್ರದ ಕೊಳವೆ, ಅದರೊಳಗೆ ಕಬ್ಬಿಣದ ಕಡ್ಡಿ, ಬಾಯಿಗೆ ಟಾರಿನಂಥ ಅಂಟು. ವಿಲ್‌ಹೆಲ್ಮ್ ಕೋನಿಗ್ ಅನ್ನೋ ಜರ್ಮನ್ ವಿದ್ವಾಂಸ ಇದು ಚಿನ್ನದ ಲೇಪ ಕೊಡೋ ಬ್ಯಾಟರಿ ಇರಬಹುದು ಅಂದ. ‘ಇರಬಹುದು’ ಅನ್ನೋದು ಫಾರ್ವರ್ಡ್ ಆಗ್ತಾ ಆಗ್ತಾ ಉದುರಿಹೋಯ್ತು.

ಬಿಇ ಓದುವಾಗ ನಾನೂ ಬೀಗಿದವನೇ. ತಾಮ್ರದ ಪೈಪು, ಮೊಳೆ, ನಿಂಬೆರಸ ಹಾಕಿ ಮಲ್ಟಿಮೀಟರ್ ಹಿಡಿದ್ರೆ ಅರ್ಧ ವೋಲ್ಟ್ ಆಸುಪಾಸು ತೋರಿಸ್ತು. ಒಂದು ಎಲ್ಇಡಿ ಉರಿಯೋಕೂ ಸಾಲದು, ಆದ್ರೂ ಕರೆಂಟ್ ಕರೆಂಟೇ. ಆದ್ರೆ ಸ್ವಾಮಿ, ನನ್ನ ಲ್ಯಾಪ್‌ಟಾಪಲ್ಲಿ ಓಡಿದ ಕೋಡ್ ಪ್ರೊಡಕ್ಷನ್‌ನಲ್ಲಿತ್ತು ಅಂತ ಯಾರಾದ್ರೂ ಒಪ್ಪಿಕೊಳ್ತಾರಾ?

ಬ್ಯಾಟರಿಗೆ ಎರಡು ತುದಿಯಿಂದ್ಲೂ ತಂತಿ ಎಳೀಬೇಕು. ಇಲ್ಲಿ ಕಬ್ಬಿಣದ ತುದಿಯೇನೋ ಮೇಲೆ ಬಂದಿದೆ, ತಾಮ್ರದ ಕೊಳವೆ ಮಾತ್ರ ಅಂಟಿನಡಿ ಮುಚ್ಚಿಹೋಗಿದೆ. ಜೊತೆಯಲ್ಲಿ ತಂತಿಯೂ ಸಿಕ್ಕಿಲ್ಲ. ಹುಳಿ ಸವೆದ ಹಾಗೆಲ್ಲ ಮತ್ತೆ ತುಂಬಬೇಕು, ಬಾಯಿಗೋ ಬಿರಡೆ ಜಡಿದಿದೆ. ಅದೇ ಸುತ್ತಿನ ಉತ್ಖನನಗಳಲ್ಲಿ ಸಿಕ್ಕಿದ ಇಂಥ ಕೆಲವು ಕೊಳವೆಗಳಲ್ಲಿ ಪಪೈರಸ್ಸಿನ ನಾರಿತ್ತು. ಅಂದ್ರೆ ಮಂತ್ರವೋ ಬರಹವೋ ಸುತ್ತಿಟ್ಟು ಮುಚ್ಚಿದ ಕರಂಡ ಇರಬಹುದು. ನಾನೂ ‘ಇರಬಹುದು’ ಅಂತಲೇ ಹೇಳ್ತಿದ್ದೀನಿ, ಗಮನಿಸಿ.

ಹಾಗಾದ್ರೆ ಲೇಪ? ಇಲ್ಲೇ ನನಗೆ ಸಿಟ್ಟು ಬರೋದು. ಲೋಹದ ಮೇಲೆ ಲೋಹ ಹತ್ತೋಕೆ ಕರೆಂಟೇ ಬೇಕು ಅಂದುಕೊಳ್ಳೋರು ಕಲಾಯಿ ಹಾಕೋದನ್ನ ನೋಡಿಲ್ಲ. ಹಿತ್ತಾಳೆ, ಕಂಚಿನ ಕೆಲಸಕ್ಕೆ ಹೆಸರಾದ ನಾಗಮಂಗಲ ನಮ್ಮ ಮಗ್ಗುಲಲ್ಲೇ ಇದೆ. ಪಾತ್ರೆ ತಿಕ್ಕಿ, ಕೆಂಡದ ಮೇಲೆ ಕಾಸಿ, ನವಸಾಗರ ಉದುರಿಸಿ, ತವರ ಮುಟ್ಟಿಸಿ, ಹತ್ತಿ ಉಂಡೆಯಲ್ಲಿ ಒಂದು ಸುತ್ತು ಉಜ್ಜಿದ್ರೆ ಒಳಗೆಲ್ಲ ಬೆಳ್ಳಿ ಹಂಗೆ ಫಳಫಳ. ಚಿನ್ನಕ್ಕೆ ದಾರಿ ಬೇರೆ. ಪಾದರಸದಲ್ಲಿ ಚಿನ್ನ ಕರಗಿಸಿ ಬಳಿದು ಕಾಯಿಸಿದ್ರೆ, ಪಾದರಸ ಹಾರಿ ಚಿನ್ನ ಉಳಿಯುತ್ತೆ. ಹಳೆಯ ಗಿಲೀಟಿನಲ್ಲಿ ಪಾದರಸದ ಕುರುಹು ಸಿಕ್ಕಿದ್ರೆ ಇದೇ ದಾರಿ ಅಂತ ಗುರುತು ಹಿಡೀತಾರೆ. ಆ ಕಸುಬುದಾರನ ಕೈಚಳಕ ಕಿತ್ತುಕೊಂಡು, ಅವನು ಕಾಣದ ಬ್ಯಾಟರಿಗೆ ಕೊಡೋದು ಪೂರ್ವಿಕರಿಗೆ ತೋರೋ ಮರ್ಯಾದೆಯಾ?

ಇಟಲಿಯ ವೋಲ್ಟಾ 1800ರಲ್ಲಿ ಬೆಳ್ಳಿ, ಸತು, ಉಪ್ಪುನೀರಲ್ಲಿ ನೆನೆಸಿದ ರಟ್ಟು ಪೇರಿಸಿ, ಮಾಡಿದ ರೀತಿಯನ್ನ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದ. ಅದೇ ವರ್ಷ ಅಲ್ಲಿ ಇಬ್ಬರು ಅಂಥದ್ದೇ ಕಟ್ಟಿ ನೀರನ್ನ ಒಡೆದು ತೋರಿಸಿದ್ರು. ಕುಡಿಕೆಯ ಪಕ್ಕ ಅಂಥ ಒಂದು ಸಾಲೂ ಇಲ್ಲ.

ಇಷ್ಟೂ ಕೇಳಿಸಿಕೊಂಡ ಚಿಕ್ಕಪ್ಪ, ‘ಮತ್ತೆ ಆ ಕಬ್ಬಿಣದ ಕಡ್ಡಿ ಯಾಕ್ಲಾ ಇಟ್ಟಿದ್ರು?’ ಅಂದ್ರು. ಫಾರ್ವರ್ಡ್‌ಗಿಂತ ಎಷ್ಟೋ ಒಳ್ಳೆ ಪ್ರಶ್ನೆ. ‘ಯಾರಿಗೂ ಖಚಿತವಾಗಿ ಗೊತ್ತಿಲ್ಲ ಚಿಕ್ಕಪ್ಪ’ ಅಂದೆ. ಅವರು ಮೊಬೈಲ್ ಜೇಬಿಗಿಟ್ಟು ಒಬ್ಬಟ್ಟಿಗೆ ಎದ್ರು.