ಬಾಯ್ಲರಿಗೆ ವಿಮೆ, ಬೆಂಕಿ ಹಾಕುವವನಿಗೆ?

"ಗಿರಣಿಗೆ ಇನ್ಶೂರೆನ್ಸ್ ಇದೆ, ನಿಮಗೇಕೆ ಚಿಂತೆ?" ಕುಚ್ಚಲಕ್ಕಿ ಗಿರಣಿಯ ಮಾಲೀಕರು ಆಡುವ ಮಾತು ಇದು. ಯಾವ ಇನ್ಶೂರೆನ್ಸ್ ಸ್ವಾಮಿ, ಎಂದು ನಾವು ಕೇಳುತ್ತೇವೆ.

ಸಣ್ಣ ಗಿರಣಿಗಳಲ್ಲಿ ಸಾಮಾನ್ಯವಾಗಿ ಇರುವುದು ಬೆಂಕಿ ವಿಮೆ. ಬಾಯ್ಲರ್ ತನ್ನದೇ ಆವಿಯ ಒತ್ತಡದಿಂದ ಸಿಡಿದು ಚೂರಾದರೆ, ಆ ಬಾಯ್ಲರಿನ ನಷ್ಟವನ್ನು ಬೆಂಕಿ ವಿಮೆ ತುಂಬಿಕೊಡುವುದಿಲ್ಲ. ಅದಕ್ಕೆ ಬಾಯ್ಲರ್ ವಿಮೆಯನ್ನೇ ಬೇರೆ ಮಾಡಿಸಬೇಕು. ಸಾಲ ಮಾಡಿ ಗಿರಣಿ ಹಾಕಿದ ಸಣ್ಣ ವ್ಯಾಪಾರಿ ಇದನ್ನು ತಿಳಿದಿರಬೇಕು. ಏಜೆಂಟ್ ತಾನಾಗಿ ಹೇಳುತ್ತಾನೆಂದು ಕಾಯಬಾರದು.

ಬಾಯ್ಲರ್ ವಿಮೆ ಇದ್ದರೂ ಸರಕಾರಿ ತಪಾಸಣೆ ತಪ್ಪುವುದಿಲ್ಲ. 1923ರ ಕಾಯ್ದೆಯಲ್ಲೂ ಅದರ ಜಾಗಕ್ಕೆ ಬಂದ 2025ರ ಕಾಯ್ದೆಯಲ್ಲೂ ನೋಂದಣಿಯಿಲ್ಲದೆ, ಚಾಲ್ತಿಯಲ್ಲಿರುವ ಪ್ರಮಾಣಪತ್ರವಿಲ್ಲದೆ ಬಾಯ್ಲರ್ ಹೊತ್ತಿಸುವಂತಿಲ್ಲ. ಇಂಥ ಬಾಯ್ಲರಿಗೆ ಪ್ರಮಾಣಪತ್ರದ ಅವಧಿ ಸಾಮಾನ್ಯವಾಗಿ ಒಂದು ವರ್ಷ. ತಪಾಸಣೆಗೆ ಬೆಂಕಿ ಆರಿಸಬೇಕು, ತಣಿಸಬೇಕು, ನೀರು ಬಸಿಯಬೇಕು, ಬಾಗಿಲು ತೆರೆದು ಕೊಳವೆಗಳ ಮೇಲೆ ಗಡಸು ನೀರು ಕಟ್ಟಿದ ಬಿಳಿ ಪದರವನ್ನು ಕೆರೆದು ತೆಗೆಯಬೇಕು. ಆ ಪದರ ದಪ್ಪವಾದಷ್ಟೂ ಬೆಂಕಿಯ ಕಾವು ನೀರಿಗೆ ಸೇರದೆ ಕಬ್ಬಿಣ ಕಾದು ಮೆತ್ತಗಾಗುತ್ತದೆ, ಉಬ್ಬುತ್ತದೆ, ಕೊನೆಗೆ ಹರಿಯುತ್ತದೆ.

ಈ ಕೆಲಸಕ್ಕೆ ಎರಡು ಮೂರು ದಿನ ಗಿರಣಿ ನಿಲ್ಲುತ್ತದೆ. ಮಾಲೀಕನ ಕಣ್ಣಿಗೆ ಕಾಣುವುದು ಅದೊಂದೇ. ಪ್ರಮಾಣಪತ್ರ ಮಾರ್ಚ್ 31ಕ್ಕೆ ಮುಗಿಯಿತು, ಭತ್ತ ಅಂಗಳದಲ್ಲಿ ರಾಶಿ ಬಿದ್ದಿದೆ, "ಸುಗ್ಗಿ ಕಳೆಯಲಿ" ಎಂದು ಮಾಲೀಕ ಅರ್ಜಿಯನ್ನೇ ಹಾಕಲಿಲ್ಲ ಎಂದಿಟ್ಟುಕೊಳ್ಳಿ. ಸೇಫ್ಟಿ ವಾಲ್ವ್ ಪದೇ ಪದೇ ಆವಿ ಬಿಟ್ಟು ಸೌದೆ, ಉಮಿ ದಂಡವಾಗುತ್ತದೆಂದು ಅದರ ಮೇಲೆ ಒಂದು ಕಬ್ಬಿಣದ ತುಂಡನ್ನೂ ಹೇರಿದ. ಏಪ್ರಿಲ್ 12ಕ್ಕೆ ಬಾಯ್ಲರ್ ಸಿಡಿಯಿತು. ವಿಮಾ ಕಂಪನಿಯವರು ಬಂದು ಮೊದಲು ಕೇಳುವುದು ಪ್ರಮಾಣಪತ್ರ. ಆಮೇಲೆ ನೋಡುವುದು ವಾಲ್ವ್. ಎರಡರಲ್ಲೂ ಷರತ್ತು ಮುರಿದಿದೆ. ಕಂತು ಕಟ್ಟಿದ ರಸೀದಿ ಇಟ್ಟುಕೊಂಡು ಮಾಲೀಕ ಕೋರ್ಟಿಗೆ ಅಲೆಯಬೇಕು.

ಅವನ ಕಥೆ ಹಾಗಿರಲಿ. ಉಮಿ ಹಾಕುತ್ತಿದ್ದ ಬಾಯ್ಲರ್ ಆಳಿನ ಗತಿ? ಬಾಯ್ಲರ್ ವಿಮೆಯಲ್ಲಿ ಹೊರಗಿನವರಿಗಾದ ಹಾನಿಯ ಹೊಣೆಯನ್ನೂ ಸೇರಿಸಬಹುದು. ಬೀದಿಯಲ್ಲಿ ಹೋಗುತ್ತಿದ್ದವನು ಸತ್ತರೆ ಪರಿಹಾರ ಅದರಿಂದ ಬರಬಹುದು. ಒಳಗೆ ದುಡಿಯುವ ಕೆಲಸಗಾರ ಆ ಲೆಕ್ಕದಲ್ಲಿ ಇಲ್ಲ! ಅವನಿಗೆ ಇ.ಎಸ್.ಐ. ಇರಬೇಕು, ಇಲ್ಲದಿದ್ದರೆ ಮಾಲೀಕನೇ ಕಾನೂನಿನಂತೆ ಪರಿಹಾರ ತೆರಬೇಕು. ಹಾಜರಿ ಪುಸ್ತಕದಲ್ಲಿ ಹೆಸರೇ ಇಲ್ಲದ ದಿನಗೂಲಿಯವನು ತಾನು ಅಲ್ಲಿ ದುಡಿಯುತ್ತಿದ್ದೆನೆಂದು ಸಾಬೀತು ಮಾಡುವುದರಲ್ಲೇ ವರ್ಷಗಳು ಸವೆಯುತ್ತವೆ.

ಸರಕಾರವನ್ನೂ ನಾವು ಬಿಡುವುದಿಲ್ಲ. 2007ರ ತಿದ್ದುಪಡಿ ಖಾಸಗಿ ಪರಿಣತರಿಗೂ ತಪಾಸಣೆಯ ಬಾಗಿಲು ತೆರೆಯಿತು. 2025ರ ಕಾಯ್ದೆ ಅದನ್ನು ಮುಚ್ಚಲಿಲ್ಲ. ಮಾಲೀಕನಿಂದಲೇ ಕೂಲಿ ಪಡೆಯುವವನು ಮಾಲೀಕನ ಬಾಯ್ಲರನ್ನು ಬೇಡವೆಂದು ಹೇಳುವ ಧೈರ್ಯ ಎಷ್ಟು ದಿನ ಮಾಡಿಯಾನು?

ಬಾಯ್ಲರ್ ಮನೆಯ ಗೋಡೆಯ ಮೇಲೆ, ಎಲ್ಲರಿಗೂ ಕಾಣುವಂತೆ ಪ್ರಮಾಣಪತ್ರದ ಪ್ರತಿ ತೂಗುಹಾಕಬೇಕೆಂದು ಗಿರಣಿ ಕೆಲಸಗಾರರು ಕೇಳಲಿ. ಅದರಲ್ಲಿ ಎರಡೇ ಸಂಗತಿ ಓದಿದರೆ ಸಾಕು: ಮುಗಿಯುವ ತಾರೀಖು ಮತ್ತು ಗರಿಷ್ಠ ಒತ್ತಡ. ಅಲ್ಲಿ 7 ಕಿಲೋ ಎಂದು ಬರೆದಿದ್ದು, ಗೇಜಿನ ಮುಳ್ಳು 8ರ ಮೇಲೆ ನಿಂತರೂ ವಾಲ್ವ್ ಆವಿ ಬಿಡದಿದ್ದರೆ, ಹೊಸದಾಗಿ ಉಮಿ ಹಾಕಕೂಡದು. ಮೇಸ್ತ್ರಿಯನ್ನು ಕರೆದು ತೋರಿಸಬೇಕು.