ಹೆಸರಿನ ಅಂಚಿನಲ್ಲೊಂದು ಹಾಡು



ನಮ್ಮ ಕಡೆಯ ಮದುವೆಮನೆಗಳಲ್ಲಿ ಒಡಪು ಹಾಕಿ ಗಂಡನ ಹೆಸರು ಹೇಳುವ ಸಂಪ್ರದಾಯವನ್ನು ತಾವೆಲ್ಲರೂ ಬಲ್ಲಿರಿ. ನಾಲ್ಕು ಮಾತು ಪ್ರಾಸಬದ್ಧವಾಗಿ ಬಂದು, ಕೊನೆಯಲ್ಲಿ ಹೆಸರು ಹೊರಬೀಳುತ್ತದೆ. ಹೆಸರನ್ನು ಪದ್ಯದಲ್ಲಿಡುವ ಇನ್ನೊಂದು ಬಗೆಯೂ ಉಂಟು. ಅಲ್ಲಿ ಹೆಸರನ್ನು ಬಾಯಿಂದ ಹೇಳುವುದೇ ಇಲ್ಲ. ಪ್ರತಿ ಸಾಲಿನ ಮೊದಲಕ್ಷರವನ್ನು ಮೇಲಿನಿಂದ ಕೆಳಕ್ಕೆ ಕೂಡಿಸಿ ಓದಿದರೆ ಹೆಸರು ತಾನಾಗಿ ಕಾಣುತ್ತದೆ. ಗೆಳೆಯರ ಹುಟ್ಟುಹಬ್ಬಕ್ಕೆ ಇಂಥ ಪದ್ಯ ಬರೆದುಕೊಡುವ ಹವ್ಯಾಸ ಅನೇಕರಿಗಿದೆ. ಒಮ್ಮೆ ನಾವೂ ಬರೆದೆವು, ಮೊದಲ ಸಲ ಸೋತೆವು. ಈ ತಿಂಗಳು ಆ ಸೋಲಿನಿಂದ ಕಲಿತದ್ದನ್ನು ತಮ್ಮ ಮುಂದಿಡುತ್ತೇವೆ.

ಹೂವಿನ ಹಿಪ್ಪರಗಿಯ ನಮ್ಮ ಬಾಲ್ಯದ ಗೆಳೆಯನೊಬ್ಬನಿಗೆ ಹಲವು ವರ್ಷಗಳ ಹಿಂದೆ ಅರವತ್ತು ತುಂಬಿತು. ಆತನ ನಿಜವಾದ ಹೆಸರು ಇಲ್ಲಿ ಬೇಡ. ಮನೆಮನೆಯಲ್ಲೂ ಕೇಳಿಬರುವ ಬಸಲಿಂಗಪ್ಪ ಎಂಬ ಹೆಸರನ್ನೇ ಆತನಿಗಿಟ್ಟು, ಪದ್ಯವನ್ನೂ ಆ ಹೆಸರಿಗೆ ಹೊಂದಿಸಿ ಹೇಳುತ್ತೇವೆ. ಮೊದಲ ಪ್ರಯತ್ನದಲ್ಲಿ ನಾವು ಅಕ್ಷರಕ್ಕೊಂದು ಗುಣವನ್ನು ಹುಡುಕಿದೆವು. ‘ಬ’ಗೆ ಬಂಗಾರದ ಮನಸ್ಸು, ‘ಸ’ಗೆ ಸರಳ ಸಜ್ಜನಿಕೆ, ‘ಲಿಂ’ಗೆ ಲಿಂಗನಿಷ್ಠೆ, ‘ಗ’ಗೆ ಗಂಭೀರ ನಡೆ, ‘ಪ’ಗೆ ಪರೋಪಕಾರ. ಅರ್ಧ ಗಂಟೆಯಲ್ಲಿ ಪದ್ಯ ಮುಗಿಯಿತು. ಹಬ್ಬಕ್ಕೆ ಎಂಟು ದಿನ ಮೊದಲೇ ಆತನಿಗೆ ಓದಿ ತೋರಿಸಿದೆವು. ಆತ ನಕ್ಕು, “ಇದು ಬಾಗೇವಾಡಿ ಬಸಲಿಂಗಪ್ಪಗೂ ಹೊಂದತೈತಿ, ಸಿಂದಗಿ ಬಸಲಿಂಗಪ್ಪಗೂ ಹೊಂದತೈತಿ. ಇದರಾಗ ನಾ ಎಲ್ಲಿ ಅದೀನೋ?” ಎಂದ.

ಆ ಮಾತು ನಮ್ಮನ್ನು ಚುಚ್ಚಿತು. ಆತ ಹೇಳಿದ್ದು ನಿಜವಾಗಿತ್ತು. ಅಕ್ಷರ ಕೇಳಿದ ಪದವನ್ನು ನಾವು ಬರೆದಿದ್ದೆವು, ಗೆಳೆಯನಿಗೆ ಹೇಳಬೇಕಾದ ಮಾತನ್ನು ಬರೆದಿರಲಿಲ್ಲ. ಒಂದೊಂದು ಸಾಲೂ ಒಂದೊಂದು ಬಿರುದಿನಂತೆ ಬಿಡಿಬಿಡಿಯಾಗಿ ನಿಂತಿತ್ತು. ಸಾಲುಗಳನ್ನು ಹಿಂದುಮುಂದಾಗಿಸಿದರೂ ಹೆಸರು ಕೆಡುತ್ತಿತ್ತೇ ಹೊರತು ಅರ್ಥ ಕೆಡುತ್ತಿರಲಿಲ್ಲ. ಇಂಥ ಪದ್ಯ ಸೋತಿದೆ ಎಂಬುದಕ್ಕೆ ಇದೇ ಗುರುತು.

ಎರಡನೆಯ ಸಲ ಕುಳಿತಾಗ ಮೊದಲು ಅಕ್ಷರಗಳನ್ನು ಸರಿಯಾಗಿ ಎಣಿಸಿದೆವು. ಕನ್ನಡದಲ್ಲಿ ಬಾಯಿ ಉಚ್ಚರಿಸುವಂತೆ ಎಣಿಸಬೇಕು. ಬ, ಸ, ಲಿಂ, ಗ, ಪ್ಪ ಎಂದು ಐದು ಅಕ್ಷರಗಳು, ಆದ್ದರಿಂದ ಐದು ಸಾಲುಗಳು. ಸೊನ್ನೆಯು ಹಿಂದಿನ ಅಕ್ಷರಕ್ಕೆ ಸೇರುತ್ತದೆ, ಅದಕ್ಕೆ ಬೇರೆ ಸಾಲು ಬೇಡ. ‘ಪ್ಪ’ದಂಥ ಒತ್ತಕ್ಷರದಿಂದ ಕನ್ನಡದ ಯಾವ ಪದವೂ ಆರಂಭವಾಗುವುದಿಲ್ಲವಾದ್ದರಿಂದ ಅಲ್ಲಿ ‘ಪ’ ಇಟ್ಟುಕೊಳ್ಳಬಹುದು. ನೀಲವ್ವನ ‘ವ್ವ’ಕ್ಕೆ ‘ವ’ ಸಾಕು. ಆದರೆ ‘ಣ್ಣ’ ಬಂದರೆ ಈ ಉಪಾಯ ನಡೆಯದು. ಒತ್ತು ತೆಗೆದರೂ ಉಳಿಯುವ ‘ಣ’ದಿಂದ ತೊಡಗುವ ಪದ ಬಳಕೆಯಲ್ಲಿಲ್ಲ, ‘ಳ’ದ ಕಥೆಯೂ ಅದೇ. ಆಗ ಬಸವಣ್ಣ ಎಂಬುದಕ್ಕೆ ಬಸವ ಎಂದೇ ಬರೆಯುವುದು ಲೇಸು.

ಹ್ರಸ್ವದ ಜಾಗದಲ್ಲಿ ದೀರ್ಘ ಬಂದರೆ ತಪ್ಪೇ ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ನಮ್ಮ ಮನೆಗಳಲ್ಲಿ ಪರಿಚಿತವಾದ ಶಿವಪಂಚಾಕ್ಷರ ಸ್ತೋತ್ರವೇ ಉತ್ತರ ಕೊಡುತ್ತದೆ. ಅದರ ಐದು ಪದ್ಯಗಳು ಕ್ರಮವಾಗಿ ನ, ಮ, ಶಿ, ವ, ಯ ಎಂಬ ಮಂತ್ರಾಕ್ಷರಗಳ ಮೇಲೆ ನಿಂತಿವೆ. ಆದರೂ ಮೊದಲ ಪದ್ಯ ‘ನಾ’ ಎಂಬ ದೀರ್ಘದಿಂದಲೇ ತೊಡಗುತ್ತದೆ. ಕಿವಿ ಅದನ್ನು ಒಪ್ಪಿಕೊಂಡಿದೆ. ಆದರೆ ‘ಬ’ ಇರಬೇಕಾದಲ್ಲಿ ‘ಭ’ವನ್ನೋ, ‘ಸ’ ಇರಬೇಕಾದಲ್ಲಿ ‘ಶ’ವನ್ನೋ ಇಟ್ಟರೆ ಹೆಸರೇ ಬದಲಾಗುತ್ತದೆ. ಅದು ಸಲ್ಲದು.

ಎಣಿಕೆಯಾದ ಮೇಲೆ ಅಕ್ಷರಗಳನ್ನು ಬದಿಗಿಟ್ಟು, ಆ ಗೆಳೆಯನಿಗೆ ಮಾತ್ರ ಹೇಳಬಹುದಾದ ಮಾತು ಯಾವುದೆಂದು ಯೋಚಿಸಿದೆವು. 1972ರ ಬರ ನೆನಪಾಯಿತು. ಒಂದು ನಸುಕಿನಲ್ಲಿ ಆತ ನಮ್ಮ ಮನೆಯ ಬಾಗಿಲ ಹೊರಗೆ ಒಂದು ಚೀಲ ಜೋಳ ಇಳಿಸಿ, ಯಾರನ್ನೂ ಕರೆಯದೆ ಹೊರಟುಹೋಗಿದ್ದ. ಕಿಟಕಿಯಿಂದ ನಾವು ಕಂಡಿದ್ದೆವು. ಆತನೂ ಹೇಳಲಿಲ್ಲ, ಸಂಕೋಚದಿಂದ ನಾವೂ ಕೇಳಲಿಲ್ಲ. ಈ ಸಂಗತಿಯನ್ನು ಮೊದಲು ಗದ್ಯದಲ್ಲಿ ಬರೆದುಕೊಂಡೆವು: “ನೀನು ಬರದ ವರ್ಷ ನಮ್ಮ ಬಾಗಿಲ ಹೊರಗೆ ಸದ್ದಿಲ್ಲದೆ ಜೋಳ ಇಳಿಸಿದೆ.”

ಇಲ್ಲಿ ಕನ್ನಡವೇ ನಮ್ಮ ಕೈ ಹಿಡಿಯಿತು. ನಮ್ಮ ಪದಗಳಿಗೆ ವಿಭಕ್ತಿ ಅಂಟಿಕೊಂಡಿರುವುದರಿಂದ ಅವುಗಳ ಜಾಗ ಬದಲಿಸಿದರೂ ಅರ್ಥ ಕೆಡುವುದಿಲ್ಲ. ‘ನೀನು’ ಎಂಬುದನ್ನು ಕೊನೆಗೆ ಸರಿಸಿದೊಡನೆ ‘ಬರ’ ಮುಂದೆ ಬಂದಿತು. ‘ಸದ್ದಿಲ್ಲದೆ’ ಎಂಬಲ್ಲಿ ಸಾಲನ್ನು ಮುರಿದರೆ ‘ಸ’ ಸಿಕ್ಕಿತು. ವಾಕ್ಯ ಸಾಲಿನ ಕೊನೆಗೆ ನಿಲ್ಲದೆ ಮುಂದಿನ ಸಾಲಿಗೆ ಹರಿಯಿತು. ಹೀಗೆ ಹರಿದಾಗ ಓದುವವರ ಗಮನ ಮೊದಲಕ್ಷರದ ಮೇಲೆ ನಿಲ್ಲುವುದಿಲ್ಲ.

‘ಲಿಂ’ ಎಂದೊಡನೆ ಎಲ್ಲರ ಬಾಯಲ್ಲೂ ಬರುವುದು ಲಿಂಗ. ಪವಿತ್ರ ಪದವೆಂದು ಅದನ್ನು ಬಲವಂತವಾಗಿ ತಂದು ಕೂರಿಸುವುದು ಪದಕ್ಕೂ ಗೌರವವಲ್ಲ, ಗೆಳೆಯನಿಗೂ ಅಲ್ಲ. ಇಂಡಿಯ ಸೀಮೆಗೆ ಹೆಸರು ತಂದ ಲಿಂಬೆ ನಮ್ಮ ಅಂಗಳದಲ್ಲೂ ಇತ್ತು. ಆತ ಅಂದು ನಡೆದುಹೋದದ್ದು ಆ ಗಿಡದ ಬುಡದಿಂದಲೇ. ಪದ್ಯ ಹೀಗಾಯಿತು:

ಬರ ಬಂದ ವರುಷದಲಿ ಬಾಗಿಲಿನ ಹೊರಗೆ
ಸದ್ದಿರದೆ ಜೋಳವನು ಇಳಿಸಿದವ ನೀನು.
ಲಿಂಬೆಯಡಿ ಇಂದಿಗೂ ಕಾಣುವುದು ನಮಗೆ
ಗಳಿಗೆಯೂ ನಿಲ್ಲದೆಯೆ ನಡೆದವನ ಬೆನ್ನು.
ಪಡೆದುಂಡ ಮನೆಯಿಂದ ಅರವತ್ತು ಶರಣು.

ಲಯಕ್ಕಾಗಿ ಒಂದು ಸುಲಭ ಅಳತೆ ಇಟ್ಟುಕೊಂಡಿದ್ದೆವು. ಮೊದಲ ಸಾಲನ್ನು ‘ಬರ ಬಂದ – ವರುಷದಲಿ – ಬಾಗಿಲಿನ – ಹೊರಗೆ’ ಎಂದು ಬಿಡಿಸಿದರೆ ಐದೈದು ಮಾತ್ರೆಯ ಮೂರು ತುಂಡು, ಕೊನೆಗೆ ಮೂರು ಮಾತ್ರೆಯ ಒಂದು ತುಂಡು. ಉಳಿದ ಸಾಲುಗಳೂ ಹಾಗೆಯೇ. ಅಳತೆ ತುಂಬಲೆಂದು ‘ಗಡಿಗೆಯಾ’, ‘ತೀರದಾ’ ಎಂದು ಅಕ್ಷರ ಎಳೆಯಬೇಕಾಗಿ ಬಂದರೆ ಆ ಸಾಲನ್ನು ಬಿಟ್ಟು ಬೇರೆ ಬರೆಯಬೇಕು. ಎಳೆದ ಜಾಗದಲ್ಲಿ ಓದುವವರು ಎಡವುತ್ತಾರೆ. ಹುಟ್ಟುಹಬ್ಬದ ಸಂಗತಿ ಕೊನೆಯ ಸಾಲಿನ ‘ಅರವತ್ತು’ ಎಂಬ ಒಂದೇ ಪದದಲ್ಲಿದೆ. ಅಷ್ಟು ಸಾಕೆನಿಸಿತು.

ಬರೆದ ಮೇಲೆ ಒಂದು ಪರೀಕ್ಷೆ ಉಳಿದಿರುತ್ತದೆ. ಹೆಸರು ಅಡಗಿದೆ ಎಂದು ತಿಳಿಸದೆ ಮನೆಯವರೊಬ್ಬರಿಂದ ಪದ್ಯವನ್ನು ಗಟ್ಟಿಯಾಗಿ ಓದಿಸಬೇಕು. ಓದುವವರು ಪ್ರತಿ ಸಾಲಿನ ತಲೆಗೆ ಬಂದು ತಡೆದರೆ ಅಲ್ಲಿಯ ಪದ ಅಕ್ಷರಕ್ಕಾಗಿ ಬಂದದ್ದು. ತಡೆಯದೆ ಓದಿ, “ಯಾರ ವಿಷಯವಿದು?” ಎಂದು ಕೇಳಿದರೆ ಪದ್ಯ ಗೆದ್ದಿತು.

ಹಬ್ಬದ ದಿನ ಗೆಳೆಯ ಪದ್ಯವನ್ನು ತಾನೇ ಓದಿದ. ಎರಡನೆಯ ಸಾಲಿಗೆ ದನಿ ಇಳಿಯಿತು, ಕೊನೆಯವರೆಗೆ ಮೆಲ್ಲಗೆ ಓದಿದ. ಹೆಸರು ಆತನ ಕಣ್ಣಿಗೆ ಬೀಳಲೇ ಇಲ್ಲ. ಸೊಸೆ ಬಂದು ಕಾಗದದ ಅಂಚಿನ ಮೇಲೆ ಬೆರಳಾಡಿಸಿ, “ಮಾವಾರ, ಇಲ್ಲಿ ನಿಮ್ಮ ಹೆಸರ ಐತ್ರಿ!” ಎಂದಾಗ ಎಲ್ಲರೂ ನಕ್ಕರು. ಆತ ಮಾತ್ರ ನಮ್ಮ ಕಡೆ ತಿರುಗಿ, “ಅವತ್ತ ನೀ ನನ್ನ ನೋಡಿದ್ದೇನೋ?” ಎಂದು ಕೇಳಿದ. ಅಷ್ಟು ವರ್ಷ ಕೇಳಲಾಗದ, ಹೇಳಲಾಗದ ಮಾತಿಗೆ ನಾವು ತಲೆಯಾಡಿಸಿದೆವು.