ಲಾಭ ಬಂದಿದೆ, ದುಡ್ಡೆಲ್ಲಿ ಹೋಯ್ತು?

ಹೋದ ವಾರ ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಕೇಕ್ ಅಂಗಡಿ ಶುರು ಮಾಡಿ ಒಂದು ವರ್ಷ ಆಯ್ತು. ಆಡಿಟರ್ ಕೊಟ್ಟ ಬ್ಯಾಲೆನ್ಸ್ ಶೀಟ್ ಕೈಯಲ್ಲಿ ಹಿಡ್ಕೊಂಡು, “ಅಕ್ಕಾ, ಲಾಭ ಎರಡು ಲಕ್ಷದ ನಲವತ್ತು ಸಾವಿರ ಅಂತಾರೆ. ಬ್ಯಾಂಕಲ್ಲಿ ನೋಡಿದ್ರೆ ಮೂವತ್ತು ಸಾವಿರ ಇದೆ. ಲೆಕ್ಕ ತಪ್ಪಾಗಿದ್ಯಾ?” ಅಂತ ಕೇಳಿದಳು.

ತಪ್ಪಾಗಿರಲಿಲ್ಲ. ಆ ಒಂದು ಹಾಳೆಯಲ್ಲೇ ಉತ್ತರ ಇತ್ತು.

ಲಾಭ-ನಷ್ಟದ ಪಟ್ಟಿ ಇಡೀ ವರ್ಷದ ಕಥೆ ಹೇಳುತ್ತದೆ. ಬ್ಯಾಲೆನ್ಸ್ ಶೀಟ್ ಮಾರ್ಚ್ 31ರ ಸಂಜೆ ಅಂಗಡಿ ಹೇಗಿತ್ತು ಅನ್ನೋದರ ಫೋಟೋ. ಬಲಗಡೆ ಆಸ್ತಿ, ಅಂದರೆ ದುಡ್ಡು ಯಾವ್ಯಾವ ರೂಪದಲ್ಲಿ ಕೂತಿದೆ. ಎಡಗಡೆ ಆ ದುಡ್ಡು ಯಾರದ್ದು. ಹೊರಗಿನವರದ್ದಾದರೆ ಸಾಲ, ನಿಮ್ಮದಾದರೆ ಬಂಡವಾಳ. ನಿಮ್ಮ ಬಂಡವಾಳವೂ ಸಾಲದ ಪಕ್ಕದಲ್ಲೇ ಯಾಕಿದೆ ಅಂತ ಗಾಬರಿ ಬೇಡ. ಲೆಕ್ಕದಲ್ಲಿ ಅಂಗಡಿ ಬೇರೆ, ನೀವು ಬೇರೆ. ಅಂಗಡಿ ನಿಮಗೂ ಕೊಡಬೇಕಲ್ಲ!

ಅವಳ ಬಲಗಡೆ ಹೀಗಿತ್ತು: ಓವನ್, ಫ್ರಿಜ್, ಮಿಕ್ಸರ್ 3,40,000. ಅಂಗಡಿ ಅಡ್ವಾನ್ಸ್ 1,40,000. ಮೈದಾ, ಬೆಣ್ಣೆ, ಡಬ್ಬಗಳ ಸ್ಟಾಕ್ 45,000. ಗಿರಾಕಿಗಳಿಂದ ಬರಬೇಕಾದ್ದು 1,15,000. ಬ್ಯಾಂಕು, ನಗದು ಸೇರಿ 30,000. ಒಟ್ಟು 6,70,000.

ಎಡಗಡೆ: ಬ್ಯಾಂಕ್ ಸಾಲ 2,40,000. ಸಾಮಾನು ಕೊಟ್ಟವರಿಗೆ ಬಾಕಿ 70,000. ಕೇಕಿಗೆ ಗಿರಾಕಿಗಳು ಕೊಟ್ಟ ಮುಂಗಡ 20,000. ಉಳಿದ 3,40,000 ಅವಳ ಬಂಡವಾಳ. ಒಟ್ಟು ಅದೇ 6,70,000.

ನಾನು ಮೊದಲು ಬಂಡವಾಳದ ಸಾಲನ್ನೇ ಬಿಡಿಸಿ ಓದು ಅಂದೆ. ಅವಳು ಹಾಕಿದ್ದು 4,00,000. ಅದಕ್ಕೆ ಲಾಭ 2,40,000 ಸೇರಬೇಕು, 6,40,000 ಆಗಬೇಕು. ಆದರೆ ಕೆಳಗೆ ‘ಡ್ರಾಯಿಂಗ್ಸ್ 3,00,000’ ಅಂತ ಕಳೆದಿದ್ದರು.

“ಅದೇನಕ್ಕಾ? ನಾನು ಸಂಬಳಾನೇ ತಗೊಂಡಿಲ್ವಲ್ಲ!”

ಸಂಬಳ ಅಂತ ತಗೊಂಡಿರಲಿಲ್ಲ, ನಿಜ. ಆದರೆ ಮನೆ ಬಾಡಿಗೆ, ದಿನಸಿ, ಅಮ್ಮನ ಔಷಧಿ ಎಲ್ಲವೂ ಅಂಗಡಿ ಖಾತೆಯ ಯುಪಿಐಯಿಂದಲೇ ಹೋಗಿತ್ತು. ತಿಂಗಳಿಗೆ ಸರಾಸರಿ 25,000. ಸ್ವಂತ ಮಾಲೀಕತ್ವದ ಅಂಗಡಿಯಲ್ಲಿ ಇದು ಖರ್ಚಲ್ಲ, ಹಾಗಾಗಿ ಲಾಭದಲ್ಲಿ ಕಳೆಯುವುದಿಲ್ಲ, ನೇರವಾಗಿ ಬಂಡವಾಳದಿಂದ ಕಳೆಯುತ್ತಾರೆ. ಲಾಭ ಬಂದ ವರ್ಷದಲ್ಲೇ ಅವಳ ಪಾಲು ಅರವತ್ತು ಸಾವಿರ ಕರಗಿತ್ತು. ದುಡಿದದ್ದಕ್ಕಿಂತ ಜಾಸ್ತಿ ಮನೆಗೆ ತಂದಿದ್ದಳು, ಅಷ್ಟೇ.

ಹಾಗಾದರೆ ಉಳಿದ ಬಂಡವಾಳ 3,40,000 ಬ್ಯಾಂಕಲ್ಲಿ ಯಾಕಿಲ್ಲ? ಬಂಡವಾಳ ಅಂದರೆ ನಗದಲ್ಲ, ಆಸ್ತಿಯಲ್ಲಿ ನಿಮ್ಮ ಪಾಲು. ಅದು ಓವನ್ನಿನಲ್ಲಿದೆ, ಅಡ್ವಾನ್ಸಿನಲ್ಲಿದೆ, ಬರಬೇಕಾದ ಬಾಕಿಯಲ್ಲಿದೆ. ಓವನ್ ಮಾರಿದರೆ ಅಷ್ಟೇ ಬೆಲೆ ಬರುತ್ತೆ ಅಂತಲೂ ಇಲ್ಲ. ನಾಲ್ಕು ಲಕ್ಷಕ್ಕೆ ಕೊಂಡದ್ದನ್ನು ಶೇ. 15 ಸವಕಳಿ ಕಳೆದು ತೋರಿಸಿದ್ದಾರೆ, ಅದು ಪುಸ್ತಕದ ಬೆಲೆ. ಇನ್ನೊಂದು, ಬ್ಯಾಂಕಿಗೆ ತೀರಿಸಿದ ಅಸಲು ಅರವತ್ತು ಸಾವಿರ. ಬಡ್ಡಿ ಮಾತ್ರ ಖರ್ಚು, ಅಸಲು ಲಾಭದ ಪಟ್ಟಿಯಲ್ಲಿ ಕಾಣೋದೇ ಇಲ್ಲ. ಅಲ್ಲಿ ಎಡಗಡೆಯ ಸಾಲವೂ ಕಮ್ಮಿ ಆಯ್ತು, ಬಲಗಡೆಯ ದುಡ್ಡೂ ಕಮ್ಮಿ ಆಯ್ತು.

ಕೊನೆಗೆ ಒಂದು ಪರೀಕ್ಷೆ ಮಾಡಿಸಿದೆ. ಬರುವ ಒಂದು ವರ್ಷದಲ್ಲಿ ದುಡ್ಡಾಗಬಹುದಾದದ್ದು: ಸ್ಟಾಕ್, ಗಿರಾಕಿ ಬಾಕಿ, ನಗದು ಸೇರಿ 1,90,000. ಅದೇ ವರ್ಷದಲ್ಲಿ ತೀರಿಸಬೇಕಾದದ್ದು: ಸಾಮಾನಿನ ಬಾಕಿ, ಮುಂಗಡ, ಸಾಲದ ಅಸಲು 60,000 ಸೇರಿ 1,50,000. ಪರವಾಗಿಲ್ಲ ಅನ್ನಿಸುತ್ತೆ ಅಲ್ವಾ?

“ಆ ಬಾಕಿಯಲ್ಲಿ ಹಳೇದು ಎಷ್ಟಿದೆ?” ಅಂದೆ. ಸ್ವಲ್ಪ ಹೊತ್ತು ಮೌನ. ಒಂದು ಆಫೀಸಿನ ಪಾರ್ಟಿ ಆರ್ಡರ್, ಅರವತ್ತು ಸಾವಿರ, ಏಳು ತಿಂಗಳಾಗಿದೆ, ಫೋನ್ ಎತ್ತುತ್ತಿಲ್ಲ. ಅದನ್ನು ಬಿಟ್ಟರೆ 1,90,000 ಹೋಗಿ 1,30,000 ಆಯ್ತು. ಈಗ ಕೊಡಬೇಕಾದದ್ದೇ ಜಾಸ್ತಿ. ಅದು ಬರೋದೇ ಇಲ್ಲ ಅಂತಾದರೆ ನಷ್ಟ ಅಂತ ಬರೆಯಬೇಕು, ಬಂಡವಾಳ 2,80,000ಕ್ಕೆ ಇಳಿಯುತ್ತೆ. ಬ್ಯಾಲೆನ್ಸ್ ಶೀಟ್ ಎರಡೂ ಕಡೆ ಸರಿಹೊಂದಿದ ಮಾತ್ರಕ್ಕೆ ಅದರೊಳಗಿನ ಬಾಕಿ ವಸೂಲಾಗುತ್ತೆ ಅಂತ ಅರ್ಥ ಅಲ್ಲ.

ಅವಳು ಮನೆಖರ್ಚಿಗೆ ಬೇರೆ ಖಾತೆ ತೆರೆದಿದ್ದಾಳೆ. ತಿಂಗಳಿಗೆ ಹದಿನೈದು ಸಾವಿರ ಮಾತ್ರ ಅದಕ್ಕೆ ಹಾಕ್ತಾಳಂತೆ. ಆಫೀಸಿನವರ ಬಾಗಿಲಿಗೆ ಸೋಮವಾರ ಬಿಲ್ ಹಿಡ್ಕೊಂಡು ಹೋಗ್ತಾಳೆ. ಕೇಕ್ ಇಲ್ಲದೆ.